ಹೊಕ್ಕುಳಿನಿಂದ ಬಲಕ್ಕೆ ಸರಿಯುವ ನೋವು

ನನ್ನ ತಂಗಿಯ ಮಗನಿಗೆ ಹೊಟ್ಟೆನೋವು ಶುರುವಾದದ್ದು ಒಂದು ಭಾನುವಾರ ಸಂಜೆ 4 ಗಂಟೆ ಸುಮಾರಿಗೆ. ಹಿಂದಿನ ದಿನವಷ್ಟೇ ಮನೆಮಂದಿಯೆಲ್ಲ ಬೀಗರೂಟಕ್ಕೆ ಹೋಗಿ ಬಂದಿದ್ದರು. ಹಾಗಾಗಿ ಯಾರಿಗೂ ಬೇರೆ ಯೋಚನೆಯೇ ಬರಲಿಲ್ಲ. ‘ನಿನ್ನೆ ಬಾಡೂಟ ಜಾಸ್ತಿ ಹೊಡೆದಿದ್ದಾನೆ, ಅಜೀರ್ಣ ಆಗಿದೆ’ ಅಂತ ತಂಗಿ ಓಮದ ಕಷಾಯ ಮಾಡಿ ಕುಡಿಸಿದಳು. ನನಗೆ ಫೋನ್ ಬಂದದ್ದು ಮಂಗಳವಾರ ಬೆಳಿಗ್ಗೆ 7ಕ್ಕೆ. ಅಷ್ಟರಲ್ಲಿ ಹುಡುಗನ ಅಪೆಂಡಿಕ್ಸ್ ಒಡೆದು ಹೆಚ್ಚುಕಡಿಮೆ ನಾಲ್ಕು ಗಂಟೆ ಆಗಿತ್ತು.

ನಾನು ಸರ್ಜರಿ ವಾರ್ಡಿನಲ್ಲಿ ನರ್ಸ್. ಅಪೆಂಡಿಕ್ಸ್ ಆಪರೇಷನ್ ಆದವರನ್ನು ನೋಡಿಕೊಳ್ಳುವುದು ನನ್ನ ದಿನನಿತ್ಯದ ಕೆಲಸ. ಆದರೂ ನಮ್ಮ ಮನೆಯ ಹುಡುಗನೇ 39 ಗಂಟೆ ತಡವಾಗಿ ಬಂದ. ಅವನ ಆ ಎರಡು ರಾತ್ರಿಗಳನ್ನು ಗಂಟೆ ಗಂಟೆಯಾಗಿ ಬಿಡಿಸಿ ಹೇಳಿದರೆ ಈ ಕಾಯಿಲೆಯ ಬಹುಪಾಲು ಅರ್ಥವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಭಾನುವಾರ ಸಂಜೆ ಅವನಿಗೆ ನೋವು ಇದ್ದದ್ದು ಹೊಕ್ಕುಳಿನ ಸುತ್ತ. ಎಲ್ಲಿ ಅಂತ ಕೇಳಿದರೆ ಅಂಗೈ ಅಗಲಿಸಿ ಹೊಕ್ಕುಳಿನ ಸುತ್ತ ಆಡಿಸುತ್ತಿದ್ದನಂತೆ. ಹಿಂಡಿದ ಹಾಗೆ, ಒಳಗೆ ಏನೋ ಕಿವುಚಿದ ಹಾಗೆ. ತಡೆಯಲಾರದ ನೋವೇನಲ್ಲ. ಟಿವಿ ಮುಂದೆ ಕೂತೇ ಇದ್ದ. ಆದರೆ ರಾತ್ರಿ ಊಟಕ್ಕೆ ಕರೆದರೆ ಬೇಡ ಅಂದ. 17 ವರ್ಷದ ಹುಡುಗ, ಎರಡು ಮುದ್ದೆ ನುಂಗುವವನು, ಅನ್ನದ ವಾಸನೆಯೇ ಆಗ್ತಿಲ್ಲ ಅಂದ. 10 ಗಂಟೆಗೆ ಒಂದು ಸಲ, 11ಕ್ಕೆ ಇನ್ನೊಂದು ಸಲ ವಾಂತಿ ಮಾಡಿಕೊಂಡ. ‘ಕೆಟ್ಟದ್ದೆಲ್ಲ ಹೊರಗೆ ಹೋಯ್ತು, ಇನ್ನು ಸರಿಹೋಗುತ್ತೆ’ ಅಂತ ಅಜ್ಜಿ ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿ ಮಲಗಿಸಿದರು.

ರಾತ್ರಿ 2 ಗಂಟೆಗೆ ಅವನಿಗೆ ಎಚ್ಚರವಾಯಿತು. ಈಗ ನೋವು ಹೊಕ್ಕುಳಿನಲ್ಲಿ ಇರಲಿಲ್ಲ. ಬಲಗಡೆ, ಕೆಳಗೆ, ಸೊಂಟದ ಮೂಳೆಯ ಹತ್ತಿರಕ್ಕೆ ಬಂದಿತ್ತು. ಈ ಸಲ ಅಂಗೈ ಆಡಿಸಲಿಲ್ಲ, ಒಂದೇ ಬೆರಳಿಟ್ಟು ‘ಇಲ್ಲಿ’ ಅಂದ. ಈಗಿನದು ಚುಚ್ಚುವ, ಚೂಪಾದ ನೋವು.

ಆ ಒಂದು ಮಾತಿಗೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಗ್ಯಾಸ್ ನೋವು ಹೊಟ್ಟೆ ತುಂಬ ಓಡಾಡುತ್ತದೆ, ಬರುತ್ತದೆ, ಹೋಗುತ್ತದೆ. ಹೊಕ್ಕುಳಿನಲ್ಲಿ ಶುರುವಾಗಿ ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಗೆ ಇಳಿದು ಅಲ್ಲೇ ಕೂತುಬಿಡುವ ನೋವು ಗ್ಯಾಸ್ ಅಲ್ಲ. ಅದು ಹೀಗೆ ಜಾಗ ಬದಲಿಸುವುದಕ್ಕೆ ಒಂದು ಕಾರಣ ಇದೆ.

ನಮ್ಮ ಸಣ್ಣ ಕರುಳು ಬಂದು ದೊಡ್ಡ ಕರುಳಿಗೆ ಸೇರುವುದು ಹೊಟ್ಟೆಯ ಬಲಗಡೆ, ಕೆಳಭಾಗದಲ್ಲಿ. ದೊಡ್ಡ ಕರುಳಿನ ಆ ಮೊದಲ ಚೀಲಕ್ಕೆ ಅಂಟಿಕೊಂಡು ಒಂದು ಸಣ್ಣ ಕೊಳವೆ ಇರುತ್ತದೆ. ಅದೇ ಅಪೆಂಡಿಕ್ಸ್. ಕನ್ನಡದಲ್ಲಿ ಕರುಳುಬಾಲ ಅಂತಲೂ ಹೇಳುತ್ತಾರೆ. ನಮ್ಮ ಕಿರುಬೆರಳಿನಷ್ಟು ಅಂದುಕೊಳ್ಳಿ, ಬಹಳ ಜನರಲ್ಲಿ 6ರಿಂದ 9 ಸೆಂಟಿಮೀಟರ್ ಉದ್ದ. ಇದರ ಒಂದು ತುದಿ ಮಾತ್ರ ತೆರೆದಿರುತ್ತದೆ, ಇನ್ನೊಂದು ತುದಿ ಮುಚ್ಚಿರುತ್ತದೆ. ಒಳಗೆ ಸ್ವಲ್ಪ ಸ್ವಲ್ಪ ಲೋಳೆ ಊರುತ್ತಲೇ ಇರುತ್ತದೆ, ತೆರೆದ ಬಾಯಿಯಿಂದ ಕರುಳಿಗೆ ಹರಿದು ಹೋಗುತ್ತದೆ.

ಆ ಬಾಯಿ ಮುಚ್ಚಿಕೊಂಡರೆ ತೊಂದರೆ ಶುರು. ಕೆಲವರಿಗೆ ಗಟ್ಟಿಯಾದ ಮಲದ ಸಣ್ಣ ಕಲ್ಲಿನಂಥ ಉಂಡೆ ಹೋಗಿ ಸಿಕ್ಕಿಕೊಂಡಿರುತ್ತದೆ. ಮಕ್ಕಳಲ್ಲಿ, ಹದಿಹರೆಯದವರಲ್ಲಿ ಅಪೆಂಡಿಕ್ಸಿನ ಗೋಡೆಯಲ್ಲೇ ಇರುವ ಗಂಟುಗಳು ಯಾವುದೋ ಸೋಂಕಿನಿಂದ ಊದಿಕೊಂಡು ದಾರಿ ಮುಚ್ಚುತ್ತವೆ. ಅಪರೂಪಕ್ಕೆ ಜಂತುಹುಳ ಇರಬಹುದು, ವಯಸ್ಸಾದವರಲ್ಲಿ ಗಡ್ಡೆ ಇರಬಹುದು. ಎಷ್ಟೋ ಜನರಲ್ಲಿ ಕಾರಣ ಕಾಣಿಸುವುದೇ ಇಲ್ಲ. ‘ಸೀಬೆಹಣ್ಣಿನ ಬೀಜ ನುಂಗಿದ್ದಕ್ಕೆ ಬಂತು’ ಅನ್ನುವ ಮಾತು ನಮ್ಮಲ್ಲಿ ಬಹಳ ಇದೆ. ಬೀಜ ಸಿಕ್ಕಿಕೊಂಡು ಹೀಗಾಗುವುದು ತೀರಾ ಅಪರೂಪ. ಮಕ್ಕಳಿಗೆ ಸೀಬೆಹಣ್ಣು ಧಾರಾಳವಾಗಿ ಕೊಡಿ.

ಬಾಯಿ ಮುಚ್ಚಿದರೂ ಒಳಗೆ ಲೋಳೆ ಊರುವುದು ನಿಲ್ಲುವುದಿಲ್ಲ. ಕೊಳವೆ ಉಬ್ಬುತ್ತಾ ಹೋಗುತ್ತದೆ. ಆ ಉಬ್ಬರದ ನೋವೇ ಮೊದಲ ನೋವು. ಅಪೆಂಡಿಕ್ಸ್ ಇರುವುದು ಬಲಗಡೆ ತಾನೇ, ಹಾಗಾದರೆ ನೋವು ಹೊಕ್ಕುಳಿನಲ್ಲಿ ಯಾಕೆ?

ಹೊಟ್ಟೆಯೊಳಗಿನ ಅಂಗಗಳಿಂದ ಮೆದುಳಿಗೆ ಸುದ್ದಿ ಒಯ್ಯುವ ನರಗಳು ಕಡಿಮೆ. ಅವು ಮನೆಮನೆಗೆ ಬೇರೆ ಬೇರೆ ತಂತಿ ಎಳೆದ ಹಾಗೆ ಇಲ್ಲ. ಇಡೀ ಬೀದಿಗೆ ಒಂದೇ ಟ್ರಾನ್ಸ್‌ಫಾರ್ಮರ್ ಇದ್ದಂತೆ. ಬೀದಿಯ ಯಾವುದೋ ಒಂದು ಮನೆಯಲ್ಲಿ ಶಾರ್ಟ್ ಆದರೂ ಲೈನ್‌ಮ್ಯಾನ್‌ಗೆ ಗೊತ್ತಾಗುವುದು ಈ ಟ್ರಾನ್ಸ್‌ಫಾರ್ಮರಿನಲ್ಲಿ ಏನೋ ಆಗಿದೆ ಅಂತ ಮಾತ್ರ, ಯಾವ ಮನೆ ಅಂತ ಅಲ್ಲ. ಅಪೆಂಡಿಕ್ಸಿನ ನರಗಳು ಬೆನ್ನುಹುರಿಗೆ ಸೇರುವುದು ಎದೆಭಾಗದ 10ನೇ ನರದ ಮಟ್ಟದಲ್ಲಿ. ಹೊಕ್ಕುಳಿನ ಸುತ್ತಲಿನ ಚರ್ಮದ ನರವೂ ಅಲ್ಲಿಗೇ ಬಂದು ಸೇರುತ್ತದೆ. ಮೆದುಳು ಆ ಎರಡನ್ನೂ ಬೇರೆ ಮಾಡಲಾರದೆ ‘ಹೊಕ್ಕುಳಿನಲ್ಲಿ ನೋವು’ ಅಂತ ಓದಿಕೊಳ್ಳುತ್ತದೆ. ಅದಕ್ಕೇ ಹುಡುಗ ಅಂಗೈ ಆಡಿಸಿದ್ದು. ಅವನಿಗೆ ನಿಜವಾಗಿಯೂ ಜಾಗ ಗೊತ್ತಾಗುತ್ತಿರಲಿಲ್ಲ. ಇದೇ ನರಗಳ ಗಲಾಟೆಯಿಂದ ಹಸಿವು ಸತ್ತುಹೋಗುತ್ತದೆ, ಹೊಟ್ಟೆ ತೊಳೆಸುತ್ತದೆ, ವಾಂತಿ ಬರುತ್ತದೆ.

ಗಂಟೆಗಳು ಕಳೆದಂತೆ ಉಬ್ಬಿದ ಕೊಳವೆಯ ಗೋಡೆಗೂ ಉರಿಯೂತ ಹಬ್ಬುತ್ತದೆ. ಗೋಡೆ ದಪ್ಪವಾಗಿ, ಕೆಂಪಾಗಿ, ಹೊರಮೈಯಲ್ಲಿ ನೀರು ಜಿನುಗತೊಡಗುತ್ತದೆ. ಈಗ ಅದು ಹೊಟ್ಟೆಯ ಗೋಡೆಯ ಒಳಮೈಗೆ ಅಂಟಿಕೊಂಡಿರುವ ತೆಳ್ಳನೆಯ ಪೊರೆಯನ್ನು ಮುಟ್ಟುತ್ತದೆ. ಈ ಪೊರೆಯ ನರಗಳೇ ಬೇರೆ. ಇವು ಮನೆಮನೆಗೂ ಬೇರೆ ಮೀಟರ್ ಇದ್ದಂತೆ, ಎಲ್ಲಿ ತೊಂದರೆ ಅಂತ ಬೆರಳಿಟ್ಟು ತೋರಿಸುವಷ್ಟು ನಿಖರ. ನೋವು ಬಲಗಡೆಗೆ ಸರಿಯಿತು ಅನ್ನುತ್ತೇವಲ್ಲ, ನಿಜವಾಗಿ ಯಾವುದೂ ಸರಿದಿರುವುದಿಲ್ಲ. ಒಳಗಿದ್ದ ಬೆಂಕಿ ಕೊಳವೆಯ ಗೋಡೆ ದಾಟಿ ಹೊರಗಿನ ಪೊರೆ ಮುಟ್ಟಿದೆ ಅಂತ ಅರ್ಥ. ಅಂದರೆ ಕಾಯಿಲೆ ಒಂದು ಹೆಜ್ಜೆ ಮುಂದೆ ಹೋಗಿದೆ.

ಆ ಜಾಗವನ್ನು ನೀವೂ ಗುರುತಿಸಬಹುದು. ಸೊಂಟದ ಮುಂದೆ ಬಲಗಡೆ ಕೈಗೆ ಸಿಗುವ ಮೂಳೆಯ ತುದಿ ಇದೆಯಲ್ಲ, ಅಲ್ಲಿಂದ ಹೊಕ್ಕುಳಿಗೆ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ಆ ಗೆರೆಯನ್ನು ಮೂರು ಪಾಲು ಮಾಡಿದರೆ, ಮೂಳೆಯ ಕಡೆಯಿಂದ ಮೊದಲ ಪಾಲು ಮುಗಿಯುವ ಜಾಗ ಅದು. ನ್ಯೂಯಾರ್ಕಿನ ಸರ್ಜನ್ ಚಾರ್ಲ್ಸ್ ಮೆಕ್‌ಬರ್ನಿ 1889ರಲ್ಲಿ ಇದನ್ನು ವಿವರಿಸಿದರು. ಇವತ್ತಿಗೂ ಡಾಕ್ಟರುಗಳು ಅದನ್ನು ಮೆಕ್‌ಬರ್ನಿ ಪಾಯಿಂಟ್ ಅಂತಲೇ ಕರೆಯುತ್ತಾರೆ. ಮನೆಯಲ್ಲಿ ಮಾತ್ರ ಅಲ್ಲಿ ಒತ್ತಿ ಒತ್ತಿ ನೋಡುತ್ತಾ ಕೂರಬೇಡಿ. ಅದಕ್ಕಿಂತ ಸುಲಭದ ಉಪಾಯ ಇದೆ. ಸುಮ್ನೆ ಒಂದು ಸಲ ಕೆಮ್ಮಲು ಹೇಳಿ. ಕೆಮ್ಮಿದಾಗ ಮುಖ ಕಿವುಚಿ ಬಲಗಡೆ ಕೆಳಗೆ ಕೈ ಹೋದರೆ ಆ ಪೊರೆ ಕೆರಳಿದೆ ಅಂತ ಲೆಕ್ಕ.

ನಮ್ಮ ಹುಡುಗನ ವಿಷಯದಲ್ಲಿ ಇದು ಬೇರೆ ರೀತಿಯಲ್ಲಿ ತಾನಾಗೇ ಕಾಣಿಸಿತ್ತು. ಸೋಮವಾರ ಬೆಳಿಗ್ಗೆ 10ಕ್ಕೆ ಅವನ ಅಪ್ಪ ಬೈಕಿನಲ್ಲಿ ಕೂರಿಸಿಕೊಂಡು ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ದಾರಿಯಲ್ಲಿ ಮೂರು ಹಂಪ್. ಪ್ರತಿ ಹಂಪಿಗೂ ಹುಡುಗ ‘ಅಪ್ಪಾ, ನಿಧಾನ’ ಅಂತ ಅಪ್ಪನ ಭುಜ ಹಿಡಿದುಕೊಂಡನಂತೆ. ಗಾಡಿ ಕುಲುಕಿದಾಗ ಕೆರಳಿದ ಪೊರೆಯೂ ಕುಲುಕುತ್ತದೆ, ನೋವು ಕಿತ್ತುಕೊಂಡು ಬರುತ್ತದೆ. ಇಂಗ್ಲೆಂಡಿನಲ್ಲಿ ಇದನ್ನೇ ರೋಗಿಗಳಿಗೆ ಕೇಳಿ ಅಧ್ಯಯನ ಮಾಡಿದ್ದಾರೆ. ಅಪೆಂಡಿಕ್ಸ್ ಇದ್ದವರಲ್ಲಿ ಬಹುತೇಕ ಎಲ್ಲರೂ ಹಂಪ್ ಮೇಲೆ ನೋವು ಜಾಸ್ತಿಯಾಯಿತು ಅಂದಿದ್ದರು. ಹಂಪಿನ ಮೇಲೆ ನೋವಾಗುವ ಎಲ್ಲರಿಗೂ ಅಪೆಂಡಿಕ್ಸ್ ಅಂತ ಅಲ್ಲ. ಆದರೆ ಹಂಪ್ ದಾಟಿದರೂ ಏನೂ ಆಗಲಿಲ್ಲ ಅಂದರೆ ಅಪೆಂಡಿಕ್ಸ್ ಆಗಿರುವ ಸಾಧ್ಯತೆ ಕಡಿಮೆ.

ಅವನು ನಡೆಯುತ್ತಿದ್ದ ರೀತಿಯನ್ನೂ ಹೇಳಬೇಕು. ಬಲಗೈ ಸೊಂಟದ ಮೇಲಿಟ್ಟು, ಮುಂದಕ್ಕೆ ಬಾಗಿ, ಬಲಗಾಲು ಪೂರ್ತಿ ಊರದೆ ನಡೆಯುತ್ತಿದ್ದ. ಮಲಗಿದರೆ ಬಲಮೊಣಕಾಲು ಮಡಚಿಕೊಂಡು ಅಲುಗಾಡದೆ ಮಲಗುತ್ತಿದ್ದ. ಕಿಡ್ನಿ ಕಲ್ಲಿನ ನೋವು ಇರುವವರು ಹೀಗಿರುವುದಿಲ್ಲ. ಅವರು ಒಂದು ಕಡೆ ನಿಲ್ಲಲಾರದೆ, ಕೂರಲಾರದೆ ಒದ್ದಾಡುತ್ತಾರೆ, ನೋವು ಬೆನ್ನಿನಿಂದ ತೊಡೆಸಂದಿಗೆ ಇಳಿಯುತ್ತದೆ. ಅಪೆಂಡಿಕ್ಸ್‌ನವರು ಅಲುಗಿದರೆ ನೋವು ಅಂತ ಮರದ ಕೊರಡಿನಂತೆ ಬಿದ್ದಿರುತ್ತಾರೆ. ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದರೇ ಈ ವ್ಯತ್ಯಾಸ ಕಾಣುತ್ತದೆ.

ಲಕ್ಷಣಗಳು ಯಾವ ಸಾಲಿನಲ್ಲಿ ಬಂದವು ಅನ್ನುವುದನ್ನೂ ಗಮನಿಸಬೇಕು. ಸಾಮಾನ್ಯವಾಗಿ ಮೊದಲು ನೋವು, ಆಮೇಲೆ ಊಟ ಬೇಡ ಅನ್ನಿಸುವುದು, ವಾಂತಿ, ಆಮೇಲೆ ಜ್ವರ. ಜ್ವರ ಮೊದಲಿಗೆ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ವಾಂತಿ ಭೇದಿ ಮೊದಲು ಶುರುವಾಗಿ, ಹೊಟ್ಟೆನೋವು ಆಮೇಲೆ ಬಂದರೆ, ಮನೆಯಲ್ಲಿ ಇನ್ನಿಬ್ಬರಿಗೂ ಹಾಗೇ ಆಗಿದ್ದರೆ, ಊಟದ ದೋಷ ಇರಬಹುದು. ಬೀಗರೂಟ ಉಂಡವರು ಮನೆಯಲ್ಲಿ ಆರು ಜನ. ಹೊಟ್ಟೆನೋವು ಬಂದದ್ದು ಇವನೊಬ್ಬನಿಗೆ. ಭೇದಿಯೂ ಇರಲಿಲ್ಲ.

ಕ್ಲಿನಿಕ್ಕಿನಲ್ಲಿ ಹೊಟ್ಟೆ ಮುಟ್ಟಿ ನೋಡಲಿಲ್ಲ. ಗ್ಯಾಸಿಗೆ ಮಾತ್ರೆ, ನೋವಿಗೆ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಒಂದು ಗಂಟೆಯಲ್ಲಿ ನೋವು ಇಳಿಯಿತು, ಹುಡುಗ ನಿದ್ದೆ ಮಾಡಿದ. ಸಂಜೆ 5ಕ್ಕೆ ಮತ್ತೆ ನೋವು. ಮನೆಯಲ್ಲಿದ್ದ ನೋವಿನ ಮಾತ್ರೆ ಇನ್ನೊಂದು ಕೊಟ್ಟರು. ಹೀಗೆ ಸೋಮವಾರ ಪೂರ್ತಿ ಹೋಯಿತು.

ನೋವಿನ ಔಷಧಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಆಸ್ಪತ್ರೆಯಲ್ಲಿ ಡಾಕ್ಟರು ಪರೀಕ್ಷೆ ಮಾಡುವ ಮೊದಲು ನೋವಿಗೆ ಇಂಜೆಕ್ಷನ್ ಕೊಟ್ಟರೆ ಕಾಯಿಲೆ ಮುಚ್ಚಿಹೋಗುತ್ತದೆ ಅಂತ ಹಿಂದೆ ಹೇಳುತ್ತಿದ್ದರು. ಈಗ ಹಾಗೆ ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ನೋವು ಇಳಿಸಿಯೇ ಸರಿಯಾಗಿ ಪರೀಕ್ಷೆ ಮಾಡಬಹುದು. ಯಾಕೆಂದರೆ ಅಲ್ಲಿ ಗಂಟೆಗೊಮ್ಮೆ ನೋಡುವವರು ಇರುತ್ತಾರೆ. ಅಪಾಯ ಇರುವುದು ಮನೆಯಲ್ಲಿ. ಮಾತ್ರೆ ನುಂಗಿ ನೋವು ಇಳಿದಾಗ ಕಾಯಿಲೆಯೂ ಇಳಿಯಿತು ಅಂತ ಎಲ್ಲರೂ ಮಲಗಿಬಿಡುತ್ತಾರೆ. ಒಳಗೆ ಕೊಳವೆ ಉಬ್ಬುವುದು ಮಾತ್ರ ನಿಂತಿರುವುದಿಲ್ಲ.

ಸೋಮವಾರ ಅವನ ಹೊಟ್ಟೆಯೊಳಗೆ ನಡೆಯುತ್ತಿದ್ದದ್ದು ಇದು. ಒತ್ತಡ ಏರುತ್ತಾ ಹೋದಾಗ ಮೊದಲು ಅಪೆಂಡಿಕ್ಸಿನಿಂದ ರಕ್ತ ವಾಪಸ್ ಹೋಗುವ ತೆಳುವಾದ ನಾಳಗಳು ಮುಚ್ಚಿಹೋಗುತ್ತವೆ. ರಕ್ತ ಒಳಗೆ ಬರುತ್ತಿರುತ್ತದೆ, ಹೊರಗೆ ಹೋಗಲಾರದು. ಗೋಡೆ ಇನ್ನಷ್ಟು ಊದುತ್ತದೆ. ಆಮೇಲೆ ಒಳಗೆ ಬರುವ ರಕ್ತವೂ ನಿಲ್ಲುತ್ತದೆ. ರಕ್ತ ಸಿಗದ ಗೋಡೆ ಸಾಯುತ್ತದೆ. ಕೆಂಪಗಿದ್ದದ್ದು ನೀಲಿಯಾಗಿ, ಕಪ್ಪಾಗುತ್ತದೆ. ಕರುಳಿನಲ್ಲಿ ಇರುವ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಆ ಸತ್ತ ಗೋಡೆಯೊಳಗೆ ನುಗ್ಗಿ ಬೆಳೆಯುತ್ತವೆ, ಕೀವಾಗುತ್ತದೆ. ಕೊನೆಗೆ ಗೋಡೆ ಎಲ್ಲಿ ತೀರಾ ತೆಳುವಾಗಿದೆಯೋ ಅಲ್ಲಿ ತೂತು ಬೀಳುತ್ತದೆ.

ಇದಕ್ಕೆ ಎಷ್ಟು ಹೊತ್ತು ಬೇಕು? ಎಲ್ಲರಿಗೂ ಒಂದೇ ಲೆಕ್ಕ ಇಲ್ಲ. ಕೆಲವರಿಗೆ ಒಡೆಯುವುದೇ ಇಲ್ಲ, ಕೆಲವರಿಗೆ ಒಂದು ದಿನದೊಳಗೇ ಒಡೆಯುತ್ತದೆ. ಅಮೆರಿಕದ ಒಂದು ಅಧ್ಯಯನದಲ್ಲಿ ಕಂಡದ್ದು ಹೀಗೆ. ನೋವು ಶುರುವಾಗಿ 36 ಗಂಟೆಯೊಳಗೆ ಒಡೆಯುವ ಸಾಧ್ಯತೆ ನೂರಕ್ಕೆ 2 ಅಥವಾ ಅದಕ್ಕಿಂತ ಕಡಿಮೆ. ಅಲ್ಲಿಂದಾಚೆಗೆ ಚಿಕಿತ್ಸೆ ಇಲ್ಲದೆ ಕಳೆಯುವ ಪ್ರತಿ 12 ಗಂಟೆಗೂ ನೂರಕ್ಕೆ ಸುಮಾರು 5ರ ಅಪಾಯ. ಗಡಿಯಾರ ಓಡುವುದು ನೋವು ಶುರುವಾದ ಹೊತ್ತಿನಿಂದ, ಆಸ್ಪತ್ರೆ ಬಾಗಿಲು ತಲುಪಿದ ಹೊತ್ತಿನಿಂದ ಅಲ್ಲ ಅನ್ನುವುದನ್ನು ದಯವಿಟ್ಟು ನೆನಪಿಡಿ. ಈ ಕಾಯಿಲೆಯಲ್ಲಿ ಜಾಸ್ತಿ ಹೊತ್ತು ಕಳೆದುಹೋಗುವುದು ಮನೆಯಲ್ಲೇ.

ವಾರ್ಡಿನಲ್ಲಿ ಕೆಲವು ಮನೆಯವರು ನಮ್ಮ ಮೇಲೆ ರೇಗುತ್ತಾರೆ. ‘ಅರ್ಜೆಂಟ್ ಅಂತೀರಿ, ಆಪರೇಷನ್ ಮಾತ್ರ ನಾಳೆ ಬೆಳಿಗ್ಗೆ ಅಂತೀರಿ’ ಅಂತ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಒಡೆದಿಲ್ಲದ ಅಪೆಂಡಿಕ್ಸಿಗೆ ಆಸ್ಪತ್ರೆಗೆ ಸೇರಿದ ಮೇಲೆ 24 ಗಂಟೆಯೊಳಗೆ ಆಪರೇಷನ್ ಆದರೆ ಸಾಕು ಅಂತ ಈಗಿನ ಸರ್ಜನ್‌ಗಳು ಒಪ್ಪುತ್ತಾರೆ. ಅಲ್ಲಿ ಕಾಯುವಾಗ ಕೈಗೆ ಡ್ರಿಪ್ ಹಾಕಿರುತ್ತಾರೆ, ಆ್ಯಂಟಿಬಯೋಟಿಕ್ ಹೋಗುತ್ತಿರುತ್ತದೆ, ನಾಡಿ, ಜ್ವರ, ಬಿಪಿ ನೋಡುತ್ತಿರುತ್ತಾರೆ. ಹದಗೆಟ್ಟರೆ ಕೂಡಲೇ ಒಳಗೆ ಕರೆದುಕೊಂಡು ಹೋಗುತ್ತಾರೆ. ಆ ಕಾಯುವುದಕ್ಕೂ ಮನೆಯಲ್ಲಿ ಕಷಾಯ ಕುಡಿದು ಕಾಯುವುದಕ್ಕೂ ಬಹಳ ವ್ಯತ್ಯಾಸ ಇದೆ.

ಈಗ ಆ ರಾತ್ರಿಗೆ ಬರುತ್ತೇನೆ. ಮಂಗಳವಾರ ಬೆಳಗಿನ ಜಾವ 3 ಗಂಟೆ. ಹುಡುಗ ತಂಗಿಯನ್ನು ಎಬ್ಬಿಸಿ ‘ಅಮ್ಮಾ, ನೋವು ಹೋಯ್ತು’ ಅಂದ. ಎರಡು ರಾತ್ರಿ ನಿದ್ದೆಗೆಟ್ಟಿದ್ದ ತಂಗಿ ದೇವರ ಮುಂದೆ ದೀಪ ಹಚ್ಚಿ ಕೈಮುಗಿದು ಮಲಗಿದಳು. ಇದನ್ನು ಬರೆಯುವಾಗ ಈಗಲೂ ನನಗೆ ಹೊಟ್ಟೆ ಕಿವುಚುತ್ತದೆ. ಯಾಕೆಂದರೆ ಅಪೆಂಡಿಕ್ಸ್ ಒಡೆದದ್ದು ಆ ಹೊತ್ತಿಗೇ.

ಬಲೂನಿನಂತೆ ಬಿಗಿದಿದ್ದ ಕೊಳವೆಗೆ ತೂತು ಬಿದ್ದಾಗ ಒತ್ತಡ ಒಮ್ಮೆಲೇ ಇಳಿಯುತ್ತದೆ. ಹಿಂಡುತ್ತಿದ್ದ ನೋವು ಇದ್ದಕ್ಕಿದ್ದಂತೆ ತಗ್ಗುತ್ತದೆ. ರೋಗಿಗೆ ಹಗುರ ಅನ್ನಿಸುತ್ತದೆ. ಮನೆಯವರಿಗೆ ವಾಸಿಯಾಯಿತು ಅನ್ನಿಸುತ್ತದೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಇಲ್ಲ, ಕೆಲವರಿಗೆ ನೋವು ನೇರವಾಗಿ ಜಾಸ್ತಿಯೇ ಆಗುತ್ತದೆ. ಆದರೆ ಹಗುರವಾದರೂ ಅದು ಕೆಲವು ಗಂಟೆಗಳ ಮಾತು. ತೂತಿನಿಂದ ಹೊರಬಂದ ಕೀವು, ಮಲ, ಬ್ಯಾಕ್ಟೀರಿಯಾ ಹೊಟ್ಟೆಯೊಳಗೆ ಹರಡತೊಡಗುತ್ತವೆ. ಒಂದೇ ಕಡೆ ಕೆರಳಿದ್ದ ಪೊರೆ ಈಗ ಹೊಟ್ಟೆ ತುಂಬ ಕೆರಳುತ್ತದೆ.

ಬೆಳಿಗ್ಗೆ 7ಕ್ಕೆ ತಂಗಿ ಫೋನ್ ಮಾಡಿದಾಗ ಹೇಳಿದ್ದು ಇಷ್ಟು: ‘ಅಕ್ಕಾ, ರಾತ್ರಿ ನೋವು ಹೋಗಿತ್ತು, ಈಗ ಚಳಿ ಬಂದು ನಡುಗ್ತಿದ್ದಾನೆ, ಹೊಟ್ಟೆ ಹಲಗೆ ಥರ ಆಗಿದೆ, ಮುಟ್ಟಿಸಿಕೊಳ್ತಿಲ್ಲ.’ ನಾನು ಕೇಳಿದ ಮೊದಲ ಪ್ರಶ್ನೆ, ನೋವು ಮೊದಲು ಎಲ್ಲಿತ್ತು, ಆಮೇಲೆ ಎಲ್ಲಿಗೆ ಬಂತು ಅಂತ. ಅವಳು ಉತ್ತರ ಹೇಳಿ ಮುಗಿಸುವ ಮೊದಲೇ ನನ್ನ ಕೈಕಾಲು ತಣ್ಣಗಾಗಿತ್ತು. 108ಕ್ಕೆ ಫೋನ್ ಮಾಡು, ಬಾಯಿಗೆ ಏನೂ ಹಾಕಬೇಡ, ನೀರೂ ಬೇಡ ಅಂದೆ.

ಆಸ್ಪತ್ರೆಗೆ ಬಂದಾಗ ಜ್ವರ 103, ನಾಡಿ ನಿಮಿಷಕ್ಕೆ 128. ರಕ್ತದಲ್ಲಿ ಬಿಳಿ ಕಣಗಳ ಎಣಿಕೆ 19,000 ದಾಟಿತ್ತು. ಸಾಮಾನ್ಯವಾಗಿ ಅದು 11,000ದ ಒಳಗಿರಬೇಕು. ಮಧ್ಯಾಹ್ನ ಆಪರೇಷನ್ ಆಯಿತು. ಸರ್ಜನ್ ಆಮೇಲೆ ಟ್ರೇಯಲ್ಲಿಟ್ಟು ತೋರಿಸಿದರು. ಕಿರುಬೆರಳಿನಷ್ಟಿರಬೇಕಾದದ್ದು ಹೆಬ್ಬೆರಳಿನಷ್ಟು ಊದಿತ್ತು, ತುದಿ ಕಪ್ಪಾಗಿತ್ತು, ಅಲ್ಲೊಂದು ಹೆಸರುಕಾಳಿನಷ್ಟು ತೂತು. ಒಳಗೆ ಬಟಾಣಿಯಷ್ಟು ದಪ್ಪದ ಗಟ್ಟಿ ಉಂಡೆ ಸಿಕ್ಕಿತು. ಹೊಟ್ಟೆಯಿಂದ ಕೀವು ತೆಗೆದು, ತೊಳೆದು, ಉಳಿದದ್ದು ಹರಿದು ಹೋಗಲಿ ಅಂತ ಪಕ್ಕದಲ್ಲಿ ಒಂದು ನಳಿಕೆ ಬಿಟ್ಟರು. ಮೂರು ದಿನ ಕರುಳು ಕೆಲಸವನ್ನೇ ಮಾಡಲಿಲ್ಲ. ಐದನೇ ದಿನ ಗಾಯ ಕೀವಾಗಿ ಹೊಲಿಗೆ ಬಿಚ್ಚಬೇಕಾಯಿತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದ, ಮನೆಗೆ ಹೋದ ಮೇಲೂ ಮೂರು ವಾರ ದಿನಾ ಡ್ರೆಸ್ಸಿಂಗ್.

ಅದೇ ವಾರ ಪಕ್ಕದ ಹಾಸಿಗೆಯಲ್ಲಿ ಒಬ್ಬಳು ಹುಡುಗಿ ಇದ್ದಳು. ಹಾಸ್ಟೆಲಿನಲ್ಲಿ ಓದುವವಳು. ರಾತ್ರಿ ನೋವು ಬಂದು ಬೆಳಿಗ್ಗೆ ಬಲಗಡೆಗೆ ಇಳಿದಿತ್ತು. ವಾರ್ಡನ್ ‘ನಡಿಯಮ್ಮ, ತೋರಿಸಿಕೊಂಡು ಬರೋಣ’ ಅಂತ 14 ಗಂಟೆಯೊಳಗೆ ಕರೆತಂದರು. ಹೊಟ್ಟೆಗೆ ಮೂರು ಸಣ್ಣ ತೂತು ಮಾಡಿ ಲ್ಯಾಪ್ರೋಸ್ಕೋಪಿಯಲ್ಲಿ ಅಪೆಂಡಿಕ್ಸ್ ತೆಗೆದರು. ಮೂರನೇ ದಿನ ನಡೆದುಕೊಂಡು ಮನೆಗೆ ಹೋದಳು. ಇಬ್ಬರದ್ದೂ ಒಂದೇ ಕಾಯಿಲೆ, ಹೆಚ್ಚುಕಡಿಮೆ ಒಂದೇ ವಯಸ್ಸು. ವ್ಯತ್ಯಾಸ ಇದ್ದದ್ದು ಒಂದು ಹಗಲು, ಒಂದು ರಾತ್ರಿಯದ್ದು.

ಎಲ್ಲರಿಗೂ ಕಾಯಿಲೆ ಇಷ್ಟು ಸ್ಪಷ್ಟವಾಗಿ ಬರುವುದಿಲ್ಲ ಅನ್ನುವುದನ್ನೂ ಹೇಳಲೇಬೇಕು. ನೋವು ಹೊಕ್ಕುಳಿನಿಂದ ಬಲಕ್ಕೆ ಇಳಿಯುವ ಈ ಪೂರ್ತಿ ಕಥೆ ಸಿಗುವುದು ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ. ಅಪೆಂಡಿಕ್ಸಿನ ಬುಡ ಒಂದೇ ಕಡೆ ಇದ್ದರೂ ತುದಿ ಎತ್ತ ಬೇಕಾದರೂ ತಿರುಗಿರಬಹುದು. ಕರುಳಿನ ಹಿಂದೆ ಅಡಗಿದ್ದರೆ ಹೊಟ್ಟೆಯ ಮುಂದೆ ಅಷ್ಟು ನೋವಿರದೆ ಪಕ್ಕೆಯಲ್ಲೋ ಬೆನ್ನಲ್ಲೋ ನೋವು ಬರುತ್ತದೆ. ಕೆಳಗೆ ಮೂತ್ರಕೋಶದ ಕಡೆ ಇಳಿದಿದ್ದರೆ ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸುತ್ತದೆ, ಸ್ವಲ್ಪ ಸ್ವಲ್ಪ ಭೇದಿಯೂ ಆಗಬಹುದು. ಆಗ ಉರಿಮೂತ್ರ ಅಂತಲೋ ಭೇದಿ ಅಂತಲೋ ದಾರಿ ತಪ್ಪುವುದು ಸುಲಭ.

ಐದು ವರ್ಷದೊಳಗಿನ ಮಕ್ಕಳಿಗೆ ಎಲ್ಲಿ ನೋವು ಅಂತ ಹೇಳಲು ಬರುವುದಿಲ್ಲ. ಅಳು, ವಾಂತಿ, ಜ್ವರ, ಹೊಟ್ಟೆ ಮುಟ್ಟಿದರೆ ಕಿರುಚುವುದು ಇಷ್ಟೇ ಕಾಣುತ್ತದೆ. ಹಾಗಾಗಿ ಗೊತ್ತಾಗುವಷ್ಟರಲ್ಲಿ ಬಹಳ ಮಕ್ಕಳಲ್ಲಿ ಒಡೆದಿರುತ್ತದೆ. ವಯಸ್ಸಾದವರಲ್ಲಿ ಇದರ ಉಲ್ಟಾ ತೊಂದರೆ. ನೋವೂ ಮಂಕು, ಜ್ವರವೂ ಅಷ್ಟಕ್ಕಷ್ಟೇ, ಆದರೆ ಒಳಗೆ ಬೇಗ ಕೆಡುತ್ತದೆ. ಬಸುರಿಯರಲ್ಲಿ ತಿಂಗಳು ತುಂಬುತ್ತಾ ಬಂದ ಹಾಗೆ ಗರ್ಭಕೋಶ ಅಪೆಂಡಿಕ್ಸನ್ನು ಮೇಲಕ್ಕೆ ತಳ್ಳಬಹುದು, ನೋವು ಬಲಗಡೆ ಮೇಲಕ್ಕೆ ಕಾಣಿಸಬಹುದು. ‘ಬಸುರಿಯಲ್ಲಿ ಇದೆಲ್ಲ ಇದ್ದದ್ದೇ’ ಅಂತ ಬಿಡಬೇಡಿ. ಒಡೆದರೆ ಮಗುವಿಗೂ ಅಪಾಯ.

ಬಲಗಡೆ ಕೆಳಗೆ ನೋವು ಬಂದದ್ದೆಲ್ಲ ಅಪೆಂಡಿಕ್ಸ್ ಅಲ್ಲ ಅನ್ನುವುದೂ ನಿಜ. ಮುಟ್ಟು ತಪ್ಪಿರುವ ಹೆಣ್ಣುಮಗಳಿಗೆ ಗರ್ಭ ಕೊಳವೆಯಲ್ಲಿ ನಿಂತು ಒಡೆದಿರಬಹುದು. ಅಂಡಾಶಯ ತಿರುಚಿಕೊಂಡಿರಬಹುದು. ಗಂಡುಹುಡುಗರಲ್ಲಿ ವೃಷಣ ತಿರುಚಿಕೊಂಡರೂ ಮೊದಲು ಹೊಟ್ಟೆನೋವು ಅನ್ನುತ್ತಾರೆ, ನಾಚಿಕೆಯಿಂದ ಉಳಿದದ್ದು ಹೇಳುವುದಿಲ್ಲ. ಅವರನ್ನು ನೇರವಾಗಿ ಕೇಳಿ. ಇವೆಲ್ಲವೂ ಅಪೆಂಡಿಕ್ಸಿಗಿಂತ ಕಡಿಮೆ ಅವಸರದ ಕಾಯಿಲೆಗಳಲ್ಲ, ಕೆಲವಂತೂ ಇನ್ನೂ ಜಾಸ್ತಿ ಅವಸರದವು. ಅಂದರೆ ಯಾವ ಕಾಯಿಲೆ ಅಂತ ಮನೆಯಲ್ಲಿ ತೀರ್ಮಾನ ಮಾಡುವ ಅಗತ್ಯವೇ ಇಲ್ಲ, ಆಸ್ಪತ್ರೆಗೆ ಹೊರಡಲು ಆ ನೋವೇ ಸಾಕು.

ಆಸ್ಪತ್ರೆಯಲ್ಲಿ ಯಾವುದೋ ಒಂದು ಟೆಸ್ಟ್ ನೋಡಿ ಹೇಳಿಬಿಡುವುದಿಲ್ಲ. ನೋವಿನ ಕಥೆ, ಹೊಟ್ಟೆ ಮುಟ್ಟಿ ನೋಡಿದ್ದು, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಸೇರಿಸಿ ನೋಡುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಅಪೆಂಡಿಕ್ಸ್ 6 ಮಿಲಿಮೀಟರಿಗಿಂತ ದಪ್ಪ ಇದ್ದು, ಒತ್ತಿದರೂ ಚಪ್ಪಟೆಯಾಗದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಗ್ಯಾಸ್ ತುಂಬಿದ ಕರುಳು ಅಡ್ಡ ಬಂದರೆ, ಮೈ ದಪ್ಪ ಇದ್ದರೆ ಎಷ್ಟೋ ಸಲ ಅಪೆಂಡಿಕ್ಸ್ ಕಾಣುವುದೇ ಇಲ್ಲ. ರಿಪೋರ್ಟಿನಲ್ಲಿ ‘ಅಪೆಂಡಿಕ್ಸ್ ಕಾಣಿಸಲಿಲ್ಲ’ ಅಂತ ಬರೆದಿದ್ದರೆ ಅಪೆಂಡಿಕ್ಸ್ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಆ ಕಾಗದ ಹಿಡಿದು ನೆಮ್ಮದಿಯಾಗಿ ಮನೆಗೆ ಹೋದವರು ಎರಡು ದಿನದಲ್ಲಿ ವಾಪಸ್ ಬಂದದ್ದನ್ನು ನೋಡಿದ್ದೇನೆ. ಅನುಮಾನ ಉಳಿದರೆ ಸಿಟಿ ಸ್ಕ್ಯಾನ್ ಮಾಡುತ್ತಾರೆ, ಇಲ್ಲವೇ ದಾಖಲು ಮಾಡಿಕೊಂಡು ಕೆಲವು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ. ಮನೆಗೆ ಕಳಿಸಿದರೂ ನೋವು ಹೋಗದಿದ್ದರೆ ಅದೇ ದಿನ ಮತ್ತೆ ಹೋಗಿ. ಸಂಕೋಚ ಬೇಡ.

ಆಪರೇಷನ್ ಇಲ್ಲದೆ ಬರೀ ಆ್ಯಂಟಿಬಯೋಟಿಕ್‌ನಲ್ಲಿ ವಾಸಿಯಾಗುವುದಿಲ್ಲವೇ ಅಂತ ಈಗ ಬಹಳ ಜನ ಕೇಳುತ್ತಾರೆ. ಒಡೆದಿಲ್ಲದ ಅಪೆಂಡಿಕ್ಸಿಗೆ ಆಗುತ್ತದೆ, ಆದರೆ ಎಲ್ಲರಿಗೂ ಅಲ್ಲ. 2020ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಬರೀ ಔಷಧಿ ತೆಗೆದುಕೊಂಡವರಲ್ಲಿ 10ಕ್ಕೆ ಸುಮಾರು 3 ಜನರಿಗೆ ಮೂರು ತಿಂಗಳೊಳಗೆ ಆಪರೇಷನ್ ಆಗಲೇಬೇಕಾಯಿತು. ಒಳಗೆ ಗಟ್ಟಿ ಉಂಡೆ ಇದ್ದವರಲ್ಲಿ ಇನ್ನೂ ಜಾಸ್ತಿ. ಇದು ಸ್ಕ್ಯಾನ್ ನೋಡಿ, ಸರ್ಜನ್ ಜೊತೆ ಕೂತು ಮಾಡುವ ತೀರ್ಮಾನ. ಮೆಡಿಕಲ್ ಸ್ಟೋರಿನಲ್ಲಿ ಹಳೇ ಚೀಟಿ ತೋರಿಸಿ ಐದು ದಿನದ ಮಾತ್ರೆ ತರುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಮನೆಯಲ್ಲಿ ಮಾಡಬಾರದ ಕೆಲವನ್ನು ಹೇಳುತ್ತೇನೆ. ಅಜ್ಜಿ ಹೊಕ್ಕುಳಿಗೆ ಹಚ್ಚಿದ ಹರಳೆಣ್ಣೆಯಿಂದ ತೊಂದರೆ ಏನೂ ಆಗಲಿಲ್ಲ. ಅದನ್ನೇ ಕುಡಿಸಿದ್ದರೆ ಆಗುತ್ತಿತ್ತು. ಭೇದಿಗೆ ಕೊಡುವ ಯಾವುದೂ, ಎನಿಮಾ ಕೂಡ, ಕರುಳನ್ನು ಜೋರಾಗಿ ಹಿಂಡಿಸುತ್ತದೆ, ಬಿಗಿದಿರುವ ಅಪೆಂಡಿಕ್ಸ್ ಒಡೆಯಬಹುದು. ಎರಡು ದಿನದಿಂದ ಹೊಟ್ಟೆ ಕಟ್ಟಿದೆ ಅಂತ ಕಂಡರೂ ಕೊಡಬೇಡಿ. ಹೊಕ್ಕುಳು ಜಾರಿದೆ ಅಂತ ಹೊಟ್ಟೆ ತಿಕ್ಕಿಸುವುದು ಬೇಡ. ಬಿಸಿನೀರಿನ ಚೀಲ ಇಟ್ಟುಕೊಂಡು ಕಾಯುತ್ತಾ ಮಲಗುವುದೂ ಬೇಡ. ಅನುಮಾನ ಬಂದ ಗಳಿಗೆಯಿಂದ ಊಟ, ಕಾಫಿ, ಎಳನೀರು ನಿಲ್ಲಿಸಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡುವುದು ಕಷ್ಟ, ಆಪರೇಷನ್ ಇನ್ನೂ ಆರು ಗಂಟೆ ಮುಂದಕ್ಕೆ ಹೋಗಬಹುದು.

ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ‘ಹೊಟ್ಟೆನೋವು’ ಅಂತಷ್ಟೇ ಹೇಳಿ ಸುಮ್ಮನಾಗಬೇಡಿ. ಅಲ್ಲಿ ಹೊಟ್ಟೆನೋವಿನವರು ಹತ್ತು ಜನ ಕೂತಿರುತ್ತಾರೆ. ಇಷ್ಟು ಗಂಟೆಗೆ ಶುರುವಾಯಿತು, ಮೊದಲು ಹೊಕ್ಕುಳಲ್ಲಿತ್ತು, ಇಷ್ಟು ಗಂಟೆಗೆ ಬಲಗಡೆ ಕೆಳಗೆ ಬಂತು, ಕೊನೆಯ ಸಲ ಇಷ್ಟು ಹೊತ್ತಿಗೆ ತಿಂದಿದ್ದು, ಈ ಮಾತ್ರೆ ಕೊಟ್ಟಿದ್ದೇವೆ ಅಂತ ಹೇಳಿ. ನಡುವೆ ನೋವು ಒಮ್ಮೆಲೇ ನಿಂತಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ. ನಮ್ಮ ತಂಗಿ ಈಗ ಅಕ್ಕಪಕ್ಕದ ಮನೆಯಲ್ಲಿ ಯಾರಿಗೆ ಹೊಟ್ಟೆನೋವು ಅಂದರೂ ಮೊದಲು ಕೇಳುವುದು ಒಂದೇ: ‘ನೋವು ಶುರುವಾದ ಜಾಗದಲ್ಲೇ ಇದೆಯಾ, ಇಲ್ಲಾ ಬೇರೆ ಕಡೆ ಬಂದಿದೆಯಾ?’